ಬೋಗುಣಿಯ ಎರಡು ಗೆರೆ

ನನ್ನದು ಅನುಮಾನದ ಸ್ವಭಾವ. ಹಾಲಿನವನು ಅಳೆದು ಹಾಕಿದ ಹಾಲನ್ನು ನಾನು ಇನ್ನೊಮ್ಮೆ ಅಳೆದೇ ಒಳಗೆ ತರುತ್ತಿದ್ದೆ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳಾದ್ದರಿಂದ ಈ ಸ್ವಭಾವಕ್ಕೆ 'ವೈಜ್ಞಾನಿಕ ದೃಷ್ಟಿ' ಎಂದು ಒಳ್ಳೆಯ ಹೆಸರನ್ನೂ ಇಟ್ಟುಕೊಂಡಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ಅದು ಏನು ಮಾಡಿಸಿತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಗ ನಾವು ಚಿತ್ರದುರ್ಗದಲ್ಲಿದ್ದೆವು. ಮನೆಯಲ್ಲಿ ಅಪ್ಪ, ನಾನು, ನನ್ನ ತಮ್ಮ, ಅವನ ಹೆಂಡತಿ. ನಾನು ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯನ್ನು ಯಾರೂ ಕೊಡದಿದ್ದರೂ ನಾನೇ ತೆಗೆದುಕೊಂಡಿದ್ದೆ. ತಮ್ಮನ ಹೆಂಡತಿ ಹಿರಿಯೂರಿನ ಹತ್ತಿರದ ಆದಿವಾಲದವಳು, ಕುರಿ ಸಾಕುವ ಮನೆಯ ಹುಡುಗಿ. ಓದಿದ್ದು ಐದನೆಯ ಇಯತ್ತೆಯವರೆಗೆ. ಮಾತು ಕಡಿಮೆ. ಮಾತು ಕಡಿಮೆಯಿರುವವರ ಮೇಲೆ ನನಗೆ ಎರಡರಷ್ಟು ಅನುಮಾನ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಮಾತ್ರೆಯಲ್ಲೇ ಹತೋಟಿಯಲ್ಲಿತ್ತು. ಬೆಳಗಿನ ತಿಂಡಿಯಲ್ಲಿ ಹಾಲೂ ಸೇರಿ ಪಿಷ್ಟ ಮೂವತ್ತು ಗ್ರಾಂ ಆಸುಪಾಸಿನಲ್ಲಿರಲಿ, ಅದನ್ನು ದಾಟಬೇಡಿ ಎಂದು ಡಾಕ್ಟರು ಹೇಳಿದ್ದರು. ಹಲ್ಲೆಲ್ಲ ಕೀಳಿಸಿಕೊಂಡಿದ್ದ ಅಪ್ಪನಿಗೆ ಹಾಲಿನಲ್ಲಿ ನೆನೆಸಿ ತಿನ್ನಲು ಅನುಕೂಲವೆಂದು ತಮ್ಮ ಬೆಂಗಳೂರಿನಿಂದ ಕಾರ್ನ್‌ಫ್ಲೇಕ್ಸ್ ಡಬ್ಬ ತರುತ್ತಿದ್ದ. ಅಪ್ಪ ಅದನ್ನು 'ಮೆಕ್ಕೆಜೋಳದ ಸಿಪ್ಪೆ' ಎನ್ನುತ್ತಿದ್ದರು. ಡಬ್ಬದ ಪಕ್ಕದಲ್ಲಿ, ನೂರು ಗ್ರಾಂಗೆ ಪಿಷ್ಟ ಎಂಬತ್ತನಾಲ್ಕು ಗ್ರಾಂ ಎಂದು ಅಚ್ಚಾಗಿತ್ತು. ನಾನು ಲೆಕ್ಕ ಹಾಕಿದೆ: ಮೂವತ್ತು ಗ್ರಾಂ ಸಿಪ್ಪೆ ತಿಂದರೆ ಪಿಷ್ಟ ಇಪ್ಪತ್ತೈದು, ಅರ್ಧ ಲೋಟ ಹಾಲಿನದು ಒಂದು ಐದಾರು. ರಜೆಗೆಂದು ಶಾಲೆಯಿಂದ ಎರವಲು ತಂದಿದ್ದ ತಕ್ಕಡಿಯಲ್ಲಿ ಮೂವತ್ತು ಗ್ರಾಂ ತೂಗಿ, ಅಪ್ಪನ ಸ್ಟೀಲ್ ಬೋಗುಣಿಗೆ ಸುರಿದು, ಅದು ಎಲ್ಲಿಗೆ ಬಂತೋ ಅಲ್ಲಿ ಒಳಗಡೆ ಮೊಳೆಯಿಂದ ಗೆರೆ ಕೊರೆದೆ. ಮುದ್ದೆ ಊಟದ ದೊಡ್ಡ ಬೋಗುಣಿ ಅದು. ಗೆರೆ ತಳದ ಹತ್ತಿರವೇ ಬಿತ್ತು.

"ಇದೇನವ್ವ, ಗುಬ್ಬಿಗೆ ಹಾಕ್ದಂಗೆ ಐತಲ್ಲ," ಎಂದರು ಅಪ್ಪ.

ಆ ಏಪ್ರಿಲ್‌ನಲ್ಲಿ, ಕೋಳಿ ಸಾಕುವುದನ್ನು ಕಲಿಸಲು ನಮ್ಮ ಕಡೆಗೆ ಬಂದಿದ್ದ ಒಬ್ಬ ಅಮೆರಿಕದ ಹುಡುಗ ತನ್ನ ದೇಶಕ್ಕೆ ಹೊರಟ. ತಮ್ಮ ಅವನಿಗೆ ಕನ್ನಡ ಹೇಳಿಕೊಟ್ಟಿದ್ದ. ಅದರ ನೆನಪಿಗೆ ಅವನು ತನ್ನ ಊರಿಂದ ಬಂದಿದ್ದ ಕಾರ್ನ್‌ಫ್ಲೇಕ್ಸ್ ಡಬ್ಬಗಳಲ್ಲಿ ನಾಲ್ಕನ್ನು ನಮಗೆ ಕೊಟ್ಟು ಹೋದ. ನಾನು ಮೊದಲು ಡಬ್ಬದ ಪಕ್ಕವನ್ನು ತಿರುಗಿಸಿದೆ. ನಮ್ಮದಕ್ಕಿಂತ ದೊಡ್ಡ ಪಟ್ಟಿ. ಪಿಷ್ಟದ ಎದುರು ಎರಡು ಅಂಕಿ: ಸಿಪ್ಪೆ ಒಂದಕ್ಕೇ ಇಪ್ಪತ್ತೈದು ಗ್ರಾಂ, ಅರ್ಧ ಕಪ್ ಹಾಲು ಸೇರಿದರೆ ಮೂವತ್ತೊಂದು.

ಎಂಬತ್ತನಾಲ್ಕೆಲ್ಲಿ, ಇಪ್ಪತ್ತೈದೆಲ್ಲಿ! ನನ್ನ ಮೊದಲ ಅನುಮಾನ ನಮ್ಮ ಡಬ್ಬದ ಮೇಲೆ ಹೋಯಿತು. ನಮ್ಮವರು ಅದಕ್ಕೆ ಸಕ್ಕರೆ ಬೆರೆಸುತ್ತಿರಬೇಕು, ಕೇಳುವವರಿಲ್ಲ ಎಂದು ತಮ್ಮನ ಮುಂದೆ ಕೂಗಾಡಿದೆ. ಆಮೇಲೆ ಅದೇ ತಕ್ಕಡಿಯಲ್ಲಿ ನೂರು ಗ್ರಾಂ ತೂಗಿ ಬೋಗುಣಿಯಲ್ಲಿ ಇನ್ನೊಂದು ಗೆರೆ ಕೊರೆದೆ. ಈ ಗೆರೆ ಬೋಗುಣಿಯ ಬಾಯಿಯ ಹತ್ತಿರ ಬಂತು.

"ಇನ್ನ ಮ್ಯಾಲೆ ಈ ಗೆರೆಗೆ ಹಾಕು. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ," ಎಂದು ತಮ್ಮನ ಹೆಂಡತಿಗೆ ಹೇಳಿದೆ.

ಅವಳು ಒಮ್ಮೆ ಕೆಳಗಿನ ಗೆರೆ ನೋಡಿದಳು, ಒಮ್ಮೆ ಮೇಲಿನದು ನೋಡಿದಳು. "ಇಷ್ಟೊಂದಾ ಅಕ್ಕಾ?" ಎಂದಳು.

"ಪಟ್ಟೀಲಿ ಬರ್ದೈತೆ," ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಅಪ್ಪನ ಸಂತೋಷ ಹೇಳತೀರದು. ಬೋಗುಣಿ ತುಂಬ ತಿಂದು, ಬಹಳ ದಿನದ ಮೇಲೆ ಹೊಟ್ಟೆ ಸವರಿಕೊಂಡರು.

ಆಗ ಮನೆಯಲ್ಲಿ ರಕ್ತ ನೋಡುವ ಯಂತ್ರವೇನೂ ಇರಲಿಲ್ಲ. ಮೂತ್ರ ಪರೀಕ್ಷೆಯೇ ಗತಿ. ಗಾಜಿನ ನಳಿಕೆಯಲ್ಲಿ ಒಂದು ಚಮಚ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಎರಡು ನಿಮಿಷದ ಕುದಿ. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ಬಹಳ ಜಾಸ್ತಿ. ಅಪ್ಪನದು ಯಾವಾಗಲೂ ತಿಳಿ ಹಸಿರು ದಾಟುತ್ತಿರಲಿಲ್ಲ. ಹೊಸ ಡಬ್ಬ ಒಡೆದ ಎರಡನೆಯ ದಿನ, ತಿಂಡಿಯಾದ ಎರಡು ತಾಸಿನ ಮೇಲೆ ನೋಡಿದರೆ ನಳಿಕೆ ಇಟ್ಟಿಗೆ ಕೆಂಪು. ಮರುದಿನವೂ ಅಷ್ಟೇ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನೋಡಿದರೆ ಹಸಿರು, ಹತ್ತು ಗಂಟೆಗೆ ಕೆಂಪು.

ತಿಂಡಿಯ ಮೇಲೆ ನನಗೆ ಅನುಮಾನ ಬರಲೇ ಇಲ್ಲ. ಅದನ್ನು ತೂಗಿದವಳು ನಾನು. ಹಾಗಾದರೆ ಎಂಟರಿಂದ ಹತ್ತರ ನಡುವೆ ಯಾರೋ ಅಪ್ಪನಿಗೆ ಏನೋ ಕೊಡುತ್ತಿದ್ದಾರೆ. ತಮ್ಮ ಆಫೀಸಿಗೆ ಹೋಗಿರುತ್ತಾನೆ. ಉಳಿದವಳು ಒಬ್ಬಳೇ.

ಅಪ್ಪನಿಗೆ ಬೆಲ್ಲವೆಂದರೆ ಪ್ರಾಣ. ಬೆಲ್ಲದ ಚಹಾ ಕುಡಿಯುತ್ತಿದ್ದವಳು ಮನೆಯಲ್ಲಿ ಅವಳೊಬ್ಬಳೇ. ಅವಳು ಬೀದಿ ನಲ್ಲಿಗೆ ಹೋದ ಹೊತ್ತಿನಲ್ಲಿ ನಾನು ದಿನಾ ಬೆಲ್ಲದ ಡಬ್ಬ ತೆಗೆದು ಅಚ್ಚುಗಳನ್ನು ಎಣಿಸತೊಡಗಿದೆ. ಮೊದಲ ದಿನ ಒಂಬತ್ತು. ಎರಡನೆಯ ದಿನ ಒಂಬತ್ತು. ವಾರ ಕಳೆದರೂ ಒಂಬತ್ತೇ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ನಾನು ಇನ್ನಷ್ಟು ಅನುಮಾನಪಟ್ಟೆ. ದಿನಕ್ಕೆರಡು ಸಲ ಬೆಲ್ಲದ ಚಹಾ ಕುಡಿಯುವವಳ ಡಬ್ಬದಲ್ಲಿ ಒಂದು ಅಚ್ಚೂ ಕಡಿಮೆಯಾಗುವುದಿಲ್ಲ ಎಂದರೆ ಏನರ್ಥ? ಬೇರೆ ಕಡೆ ಬೆಲ್ಲ ಬಚ್ಚಿಟ್ಟಿದ್ದಾಳೆ ಎಂದರ್ಥ. ಅವಳ ಟ್ರಂಕಿನ ಮೇಲೂ ಕಣ್ಣು ಬಿತ್ತು. ತೆಗೆಯಲಿಲ್ಲ, ಬೀಗ ಇತ್ತು, ಅದಕ್ಕೆ.

ಹತ್ತನೆಯ ದಿನ ಡಾಕ್ಟರಿಗೆ ತೋರಿಸಿದೆವು. "ಇನ್ನೊಂದು ವಾರ ನೋಡೋಣ. ಕೆಂಪು ಇಳೀಲಿಲ್ಲ ಅಂದ್ರೆ ದಿನಾ ಇಂಜೆಕ್ಷನ್ ಶುರು ಮಾಡ್ಬೇಕಾಗುತ್ತೆ," ಎಂದರು. ಸೂಜಿ ಕಂಡರೆ ಬೆವರುತ್ತಿದ್ದ ಅಪ್ಪ ದಾರಿಯುದ್ದಕ್ಕೂ ತೋಳು ಉಜ್ಜಿಕೊಳ್ಳುತ್ತಲೇ ಬಂದರು. ಆ ಸಂಜೆ ನಾನು ತಮ್ಮನನ್ನು ಹಿತ್ತಲಿಗೆ ಕರೆದು ನನ್ನ ಅನುಮಾನವನ್ನೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ನಿಂತ. "ಹಂಗಿದ್ರೆ ಅವ್ಳನ್ನ ಭಾನುವಾರ ಆದಿವಾಲಕ್ಕೆ ಬಿಟ್ ಬರ್ತೀನಿ. ಅಪ್ಪ ಸುಧಾರಿಸ್ಕಳ್ಳಿ," ಎಂದ. ನಾನು ಬೇಡವೆನ್ನಲಿಲ್ಲ.

ಶನಿವಾರ ಹತ್ತು ಗಂಟೆಗೆ ನಳಿಕೆ ಮತ್ತೆ ಕೆಂಪಾಯಿತು. ಬಿಸಿ ನಳಿಕೆಯನ್ನು ಹಿಡಿಕೆಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

"ಅಪ್ಪಂಗೆ ಏನ್ ಕೊಡ್ತಿದೀಯ? ಹೇಳ್ಬಿಡು."

"ನೀವು ಕೊರ್ದಿರೋ ಗೆರೆಗೆ ಹಾಕಿ ಕೊಟ್ಟೀನಿ ಅಕ್ಕಾ. ಇನ್ನೇನೂ ಕೊಟ್ಟಿಲ್ಲ."

"ಬೆಲ್ಲ?"

ಅವಳ ಮುಖ ಒಂದು ಕ್ಷಣ ಸುಟ್ಟಂತಾಯಿತು. ಅಳಲಿಲ್ಲ. ಸ್ಟೋವ್ ಆರಿಸಿ, ಅಟ್ಟಣಿಗೆಯಿಂದ ಅಮೆರಿಕದ ಡಬ್ಬ ಇಳಿಸಿ ನನ್ನ ಮುಂದೆ ಇಟ್ಟಳು. ಅದು ನಾಲ್ಕನೆಯದು, ಕೊನೆಯದು. ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ. ಬಸ್ಸಿನ ನಂಬರು ನೋಡಿ ನೋಡಿ ಅಂಕಿಗಳು ಮಾತ್ರ ಬರುತ್ತಿದ್ದವು.

"ಈ ಪಟ್ಟಿ ಮ್ಯಾಲೆ ಹನ್ನೆರ್ಡು ಅಂತ ಐತಲ್ಲ, ಅದೇನು?"

ನಾನು ಬೇಸರದಿಂದಲೇ ನೋಡಿದೆ. "ಈ ಡಬ್ಬದಾಗೆ ಹನ್ನೆರಡು ಸರ್ವಿಂಗ್ ಅವೆ ಅಂತ. ಹನ್ನೆರಡು ಸಲ ಬಡಿಸ್ಬೋದು."

"ಹನ್ನೆರ್ಡು ಸಲನಾ? ನಮ್ಮನೇಲಿ ನಾಕನೇ ದಿನಕ್ಕೆ ಖಾಲಿ ಆಗ್ತೈತೆ." ಪಿಷ್ಟದ ಅಂಕಿಯ ಮೇಲೆ ಬೆರಳಿಟ್ಟು ಮತ್ತೆ ಕೇಳಿದಳು. "ನಮ್ಮಪ್ಪ ಉಣ್ಣೆ ಮಾರೋವಾಗ, ಯಾವನಾದ್ರೂ ರೇಟು ಹೇಳಿದ್ರೆ ಎಷ್ಟು ತೂಕಕ್ಕೆ ಅಂತ ಮೊದ್ಲು ಕೇಳ್ತಿದ್ದ. ಈ ಇಪ್ಪತ್ತೈದು ಎಷ್ಟು ತೂಕಕ್ಕೆ ಅಕ್ಕಾ?"

'ನೂರು ಗ್ರಾಂಗೆ' ಎನ್ನಲು ಬಾಯಿ ತೆರೆದವಳು ಡಬ್ಬ ಎತ್ತಿ ಕಣ್ಣ ಹತ್ತಿರ ಹಿಡಿದೆ. ಪಟ್ಟಿಯ ನೆತ್ತಿಯ ಮೇಲೇ ಅಚ್ಚಾಗಿತ್ತು: ಒಂದು ಸರ್ವಿಂಗ್‌ಗೆ. ಸರ್ವಿಂಗ್ ಎಂದರೆ ಒಂದು ಔನ್ಸ್. ಕಂಸದಲ್ಲಿ, ಇಪ್ಪತ್ತೆಂಟು ಗ್ರಾಂ ಚಿಲ್ಲರೆ. ನಾನು ಅದನ್ನು ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದೆ. ಔನ್ಸು, ಸೇರು, ತೊಲ ಎಲ್ಲ ಹಳೆಯ ಕಾಲದ್ದು ಎಂದು ಮಕ್ಕಳಿಗೆ ಪಾಠ ಮಾಡುವ ನನಗೆ ಅದನ್ನು ಓದುವ ತಾಳ್ಮೆ ಇರಲಿಲ್ಲ, ಅಷ್ಟೇ. ಪಿಷ್ಟದ ಪಟ್ಟಿ ಎಂದರೆ ನೂರು ಗ್ರಾಂನದು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಅಲ್ಲೇ ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತೆಂಟು ಚಿಲ್ಲರೆ ಗ್ರಾಂಗೆ ಇಪ್ಪತ್ತೈದಾದರೆ, ನೂರು ಗ್ರಾಂಗೆ ಎಂಬತ್ತೆಂಟು. ನಮ್ಮ ಬೆಂಗಳೂರಿನ ಡಬ್ಬಕ್ಕಿಂತ ನಾಲ್ಕು ಹೆಚ್ಚೇ. ಅದರ ಮೇಲೆ ಬೋಗುಣಿ ನೆನೆಯುವಷ್ಟು ಹಾಲು. ಡಾಕ್ಟರು ಹೇಳಿದ್ದರ ಮೂರು ಪಟ್ಟನ್ನು ಹನ್ನೆರಡು ದಿನ ಅಪ್ಪನಿಗೆ ತಿನ್ನಿಸಿದ್ದು ನನ್ನ ಗೆರೆ. ಅವಳು ಅದನ್ನು ಒಂದು ಚೂರೂ ಮೀರಿರಲಿಲ್ಲ.

"ಕೆಳಗಿನ ಗೆರೆಗೇ ಹಾಕ್ಲಾ ಅಕ್ಕಾ?" ಎಂದಳು.

ತಲೆಯಾಡಿಸಿದೆ.

ಭಾನುವಾರ ತಮ್ಮ ಆದಿವಾಲಕ್ಕೆ ಹೋಗಲಿಲ್ಲ. ನಾನೇ ಎಲ್ಲ ಹೇಳಿ ತಡೆದೆ. ಅವನು ಆ ದಿನ ನನ್ನೊಡನೆ ಊಟಕ್ಕೆ ಕೂರಲಿಲ್ಲ. ಅಪ್ಪ ತಳದ ಗೆರೆ ನೋಡಿ ಗೊಣಗಿದರು. ಮಂಗಳವಾರದ ಹೊತ್ತಿಗೆ ನಳಿಕೆ ಹಳದಿಗೆ ಬಂತು, ಗುರುವಾರ ತಿಳಿ ಹಸಿರು. ಡಾಕ್ಟರು ಇಂಜೆಕ್ಷನ್ ಬೇಡವೆಂದರು.

ಆ ಸಂಜೆ ಅಡುಗೆಮನೆಗೆ ಹೋಗಿ ಅವಳೆದುರು ಕೂತೆ. ತಪ್ಪಾಯಿತು ಎನ್ನಬೇಕೆಂದು ಹೋದವಳು, ಅದನ್ನು ಬಿಟ್ಟು ಇನ್ನೊಂದನ್ನು ಕೇಳಿದೆ. ಅನುಮಾನದ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

"ಬೆಲ್ಲ ಯಾಕೆ ಕಮ್ಮಿ ಆಗ್ಲಿಲ್ಲ?"

ಅವಳು ಲೋಟಕ್ಕೆ ಚಹಾ ಸೋಸಿ ನನ್ನ ಕಡೆ ಸರಿಸಿದಳು. "ಕುಡ್ದು ನೋಡ್ರಿ."

ಸಪ್ಪೆ ಚಹಾ. ಒಗರು ಗಂಟಲಲ್ಲಿ ಹಿಡಿಯಿತು.

"ಮೊದಲ್ನೇ ದಿನಾನೇ ನೀರು ಅರ್ಧ ಹಿಡ್ಕಂಡು ವಾಪಸ್ ಬಂದಿದ್ದೆ. ನೀವು ಎಣಿಸ್ತಿದ್ರಿ," ಎಂದಳು. "ಒಂದು ಅಚ್ಚು ಕಮ್ಮಿ ಆದ್ರೂ ನನ್ ಮ್ಯಾಲೆ ಬರ್ತೈತೆ ಅಂತ ಅವತ್ತಿಂದ ನಾನು ಬೆಲ್ಲ ಮುಟ್ಟಿಲ್ಲ."

ನಾನು ಎದ್ದು ಬೆಲ್ಲದ ಡಬ್ಬ ಇಳಿಸಿ, ಒಂದು ಅಚ್ಚು ತೆಗೆದು ಅವಳ ಮುಂದೆ ಇಟ್ಟೆ. ಅವಳು ಅದನ್ನು ಒಡೆಯಲಿಲ್ಲ. ಡಬ್ಬದೊಳಕ್ಕೆ ಇಣುಕಿ, "ಈಗ ಎಂಟು ಅವೆ. ನೆನಪಿಟ್ಕಳ್ರಿ ಅಕ್ಕಾ," ಎಂದಳು.