ತೊಟ್ಟಿಲಿನ ಸಂಜೆ ಕೆಂಪಗೆ ನಿಂತ ರೂಟರ್

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಸಂಜೆ. ತನ್ನ ಮಗುವನ್ನು ಇನ್ನೂ ಕಾಣದ ಅಳಿಯ ಕುವೈತಿನಲ್ಲಿ ವಿಡಿಯೋ ಕರೆಗೆ ಕಾಯುತ್ತಿದ್ದ. ಕಾಪುವಿನ ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಇಂಟರ್ನೆಟ್ ಕಂಪನಿ ಕಳಿಸಿದ ಹೊಸ ರೂಟರನ್ನು ನಾನೇ ಜೋಡಿಸಿದ್ದೆ. ಅದರ ಇಂಟರ್ನೆಟ್ ದೀಪ ಮಾತ್ರ ಕತ್ತಲಾಗುವ ಕಡಲಿನಲ್ಲಿ ದೂರದ ದೋಣಿಯ ಹಾಗೆ ಕೆಂಪಗೇ ನಿಂತಿತ್ತು.

ಅಂಗಳಕ್ಕಿಳಿದು ಕಂಪನಿಯ ಆಫೀಸಿಗೆ ಫೋನ್ ಮಾಡಿದೆ.

“ಲೈನ್ ಸರಿ ಉಂಟು ಅಣ್ಣ. ಹಳೆಯ ರೂಟರಿನಲ್ಲಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಹೊಸದರಲ್ಲಿ ಹಾಕಿದ್ದೀರಾ?”

“ನನ್ನ ಮನೆಯಲ್ಲಿ ನಾನು ಯಾರಿಗೆ ಹೆಸರು ಹೇಳಬೇಕು ಮಾರಾಯ?”

“ನಮ್ಮ ಕಡೆಯ ಯಂತ್ರಕ್ಕೆ. ಅದು ಗುರುತು ಹಿಡಿಯದೆ ಒಳಗೆ ಬಿಡುವುದಿಲ್ಲ.”

ಅವರು ಹೇಳಿದ ಹೆಸರು, ಪಾಸ್‌ವರ್ಡನ್ನು ಮಗಳು ರೂಟರಿನ ಲಾಗಿನ್ ಪುಟದಲ್ಲಿ ತುಂಬಿದಳು. ದೀಪ ಹಸಿರಾಯಿತು. ಮೊಬೈಲ್ ಪರದೆಯಲ್ಲಿ ಅಳಿಯನ ಮುಖ ಮೆಲ್ಲಗೆ ತೇಲಿಬಂತು. ನಾನು ಎದುರಿಗೇ ಎದೆಯುಬ್ಬಿಸಿ ನಿಂತೆ.

“ಮಾವ, ನಿಮ್ಮನ್ನು ನೋಡಿಯಾಯಿತು. ಸ್ವಲ್ಪ ಬದಿಗೆ ಸರಿಯಿರಿ, ಮಗು ಕಾಣಲಿ.”