ಮನೆಸಾಲಿನ ಎರಡು ಕಾಯಿ

ಜೋಗದ ವಿದ್ಯುತ್ ಕಾಲೋನಿಯಲ್ಲಿ ಲೈನ್‌ಮ್ಯಾನ್ ಹೂವಪ್ಪನಿಗೆ ಕೂತ ಜಾಗದಲ್ಲಿ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಇರುತ್ತಾನೆ. ಅಂಥವನು ಹಲಸಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಕೆಳಗಿನ ಕಾಯಿ ಕೀಳಲು ಕೊಕ್ಕೆ ಸಾಕಿತ್ತು. ಕೊಕ್ಕೆ ಹುಡುಕುವಷ್ಟು ತಾಳ್ಮೆ ಅವನಿಗಿರಲಿಲ್ಲ.

ಆಮೇಲೆ ಜಗುಲಿಯ ಮಂಚವೇ ಗತಿಯಾಯಿತು. ಸಂಜೆ ಗೆಳೆಯರೆಲ್ಲ ಎದುರಿನ ರಸ್ತೆಯಲ್ಲೇ ಕ್ಲಬ್ಬಿಗೆ ಹೋಗುತ್ತಿದ್ದರು. "ಹೂವಪ್ಪ, ಹೆಂಗಿದೀಯ?" ಎಂದು ಕೂಗಿ, ಉತ್ತರ ಬರುವಷ್ಟರಲ್ಲಿ ಕ್ಲಬ್ಬಿನ ಮೆಟ್ಟಿಲು ಹತ್ತಿರುತ್ತಿದ್ದರು. ಅವನು ಮಂಚದ ಚೌಕಟ್ಟನ್ನು ಬೆರಳಿನಿಂದ ಕುಟ್ಟುತ್ತಾ ಕೂರುತ್ತಿದ್ದ.

ಆ ಕ್ಲಬ್ಬಿನಲ್ಲಿ ಒಂದು ಹಳೆಯ ಡ್ರಾಫ್ಟ್ಸ್ ಹಲಗೆ ಇದೆ. ಸೋಡಾ ಬಾಟಲಿಯ ಮುಚ್ಚಳಗಳೇ ಕಾಯಿ. ಒಬ್ಬನದು ಅಂಗಾತ, ಇನ್ನೊಬ್ಬನದು ಬೋರಲು. ಕಾಯಿ ಓರೆಯಾಗಿ ಮುಂದಕ್ಕಷ್ಟೇ ನಡೆಯುತ್ತದೆ; ಪಕ್ಕದ ಎದುರಾಳಿ ಕಾಯಿಯ ಆಚೆ ಮನೆ ಖಾಲಿಯಿದ್ದರೆ ಅದನ್ನು ಹಾರಿ ಹೊಡೆಯುತ್ತದೆ. ಎದುರಾಳಿಯ ಕೊನೆಯ ಸಾಲು ಮುಟ್ಟಿದರೆ ಅದರ ಮೇಲೆ ಇನ್ನೊಂದು ಮುಚ್ಚಳ ಇಡುತ್ತಾರೆ. ಅದು ರಾಜ, ಹಿಂದಕ್ಕೂ ನಡೆಯಬಹುದು. ವರ್ಷಕ್ಕೊಮ್ಮೆ ಪಂದ್ಯ. ಗೆದ್ದವನ ಮನೆಗೆ ಹಲಗೆ ಹೋಗುತ್ತದೆ, ಮುಂದಿನ ಪಂದ್ಯದವರೆಗೂ ಅಲ್ಲೇ ಇರುತ್ತದೆ. ಆಡಬೇಕೆಂದವರು ಅವನ ಮನೆಗೇ ಹೋಗಬೇಕು. ಹೋದ ವರ್ಷ ಗೆದ್ದ ಅಂಗಡಿ ಆದಿರಾಜ, ತನ್ನ ಮನೆ ಪೇಟೆಯ ಆಚೆಗಿದೆಯೆಂದು ಅದನ್ನು ಕ್ಲಬ್ಬಿನಲ್ಲೇ ಬಿಟ್ಟಿದ್ದ.

ಆ ಹಲಗೆ ತನ್ನ ಜಗುಲಿಗೆ ಬರಬೇಕೆಂಬುದೊಂದೇ ಹೂವಪ್ಪನ ಆಸೆ. ಹಲಗೆ ಬಂದರೆ ಜನ ಬರುತ್ತಾರೆ.

ಆದರೆ ಅವನ ಆಟ ಎಲ್ಲರಿಗೂ ಗೊತ್ತಿತ್ತು. ಶುರುವಿನಲ್ಲೇ ಮನೆಸಾಲಿನ, ಅಂದರೆ ತನ್ನ ಕಡೆಯ ಕೊನೆಯ ಸಾಲಿನ, ನಾಲ್ಕು ಕಾಯಿಗಳನ್ನೂ ಎಬ್ಬಿಸಿ ರಾಜನಿಗಾಗಿ ಓಡುವನು. ಅಷ್ಟರಲ್ಲಿ ಖಾಲಿ ಮನೆಯಲ್ಲಿ ಎದುರಾಳಿಯ ರಾಜರು ತುಂಬಿರುತ್ತಿದ್ದರು.

ಹೆಂಡತಿ ವೆಂಕಮ್ಮ ಕ್ಯಾಲೆಂಡರಿನ ಹಿಂಬದಿಗೆ ಮನೆ ಗೀಚಿ, ಹುಣಸೆಬೀಜ, ಅವರೆಕಾಳು ಇಟ್ಟು ಅವನೊಂದಿಗೆ ಆಡಲು ಕೂತಳು. ಅವನನ್ನು ಮಂಚದಲ್ಲಿ ಹಿಡಿದಿಡಲು ಬೇರೆ ದಾರಿ ಇರಲಿಲ್ಲ. ಕೆಲವೇ ವಾರಗಳಲ್ಲಿ ಅವಳೇ ಗೆಲ್ಲತೊಡಗಿದಳು.

"ಎಂತ ಓಡ್ತೀರಿ ಮಾರಾಯ್ರೇ? ಬಾಗ್ಲು ಹಾಕ್ದೆ ಸಂತೆಗೆ ಹೋಗೋರು ನೀವೊಬ್ರೇ."

"ರಾಜ ಆಗ್ಬೇಕಲೇ!"

"ಆಗಿ. ಎಡಗಡೆಯಿಂದ ಎರಡ್ನೇದು, ನಾಕ್ನೇದು ಮನೇಲಿರ್ಲಿ. ಅವೆರಡು ಇದ್ರೆ ಒಂಟಿ ಕಾಯಿ ಒಳಗೆ ಬರಕ್ಕಾಗಲ್ಲ. ನಿಮ್ಗೆ ಎಷ್ಟು ಸಲ ಹಾಗೇ ಮಾಡಿದೀನಿ, ಗೊತ್ತಾಗ್ಲಿಲ್ವಾ?"

ಪಂದ್ಯದ ದಿನ ನಾಲ್ವರು ಅವನನ್ನು ಕುರ್ಚಿ ಸಮೇತ ಕ್ಲಬ್ಬಿಗೆ ಹೊತ್ತರು. ಕೊನೆಯ ಆಟ ಆದಿರಾಜನ ಮೇಲೆ.

"ಕಾಲಿಲ್ದೆ ಹೆಂಗೋ ಓಡ್ತೀಯ?" ಎಂದ ಆದಿರಾಜ.

"ನೀ ಆಡು ಆದಿರಾಜಣ್ಣ."

ಆದಿರಾಜ ಎಂದೂ ಮನೆಸಾಲು ಬಿಡದವನು. ಆದರೆ ಅಂದು ಹೂವಪ್ಪನ ಮನೆ ಹೇಗೂ ಖಾಲಿಯಾಗುತ್ತದೆಂದು ನಂಬಿ ಒಂದು ಕಾಯಿಯನ್ನು ಬಲ ಅಂಚಿನಲ್ಲಿ ಓಡಿಸಿದ. ಅದು ಹೂವಪ್ಪನ ನಾಲ್ಕನೆಯ ಕಾಯಿಯ ಎದುರು ಬಂದು ನಿಂತಿತು. ಆ ಕಾಯಿ ಕದಲಿದರೆ ಅದರ ಜಾಗಕ್ಕಿಳಿದು ರಾಜನಾಗಬಹುದು. ಬೇರೆ ದಾರಿ ಅದಕ್ಕಿಲ್ಲ. ಹೂವಪ್ಪನ ಕೈ ಎಷ್ಟೋ ಸಲ ಮನೆಸಾಲಿನತ್ತ ಹೋಯಿತು. ಪ್ರತಿ ಸಲವೂ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡ. ಬ್ಯಾಂಡೇಜಿನ ಒಳಗೆ ಕಾಲು ತುರಿಸುತ್ತಿತ್ತು.

ಹೊಡೆದು ಹೊಡೆಸಿಕೊಂಡು ಕಾಯಿಗಳು ಕರಗಿದವು. ಕೊನೆಗೆ ಆದಿರಾಜನಿಗೆ ಎರಡು: ಅಂಚಿನಲ್ಲಿ ಕಾಯುತ್ತಿದ್ದದ್ದು, ನಡುವಿನಲ್ಲೊಂದು. ಹೂವಪ್ಪನಿಗೆ ಮೂರು: ಮನೆಯ ಎರಡು, ನಡುವಿನಲ್ಲೊಂದು. ನಡುವಿನ ಎರಡೂ ಎದುರುಬದುರು ನಿಂತಿದ್ದವು. ಮಧ್ಯೆ ಒಂದೇ ಸಾಲು ಖಾಲಿ. ಮೊದಲು ಕಾಲಿಟ್ಟವನ ಕಾಯಿ ಸಾಯುತ್ತದೆ.

ನಡೆ ಹೂವಪ್ಪನದು.

"ಓಡೋ, ರಾಜ ಆಗಕ್ಕೆ ನಾಕೇ ಹೆಜ್ಜೆ!" ಹಿಂದಿನಿಂದ ಯಾರೋ ಕೂಗಿದರು. ಆದಿರಾಜ ತುಟಿ ಬಿಗಿಹಿಡಿದು ನಗುತ್ತಿದ್ದ.

ಹೂವಪ್ಪನ ಬೆರಳು ನಡುವಿನ ಕಾಯಿಯ ಮೇಲೆ ಹೋಗಿ, ಮುಟ್ಟದೆ ನಿಂತಿತು. ಅದು ಓಡಿದರೆ ಸಾಯುತ್ತದೆ. ನಾಲ್ಕನೆಯದು ಎದ್ದರೆ ಬಾಗಿಲು ತೆರೆಯುತ್ತದೆ. ಉಳಿದದ್ದು ಎರಡನೆಯದು. ಎರಡನ್ನೂ ಕದಲಿಸಬೇಡಿ ಎಂದಿದ್ದಳು ವೆಂಕಮ್ಮ. ಆದರೆ ಈಗ ಆ ಕಡೆ ಬರಲು ಯಾರಿದ್ದಾರೆ? ಇಷ್ಟು ಹೊತ್ತು ಉಳಿಸಿಕೊಂಡದ್ದು ಈ ಒಂದು ಹೆಜ್ಜೆಗೇ ಇರಬೇಕು.

ಎರಡನೆಯ ಕಾಯಿಯನ್ನು ಒಂದು ಮನೆ ಮುಂದಿಟ್ಟ.

ಆದಿರಾಜನ ನಗು ನಿಂತಿತು. ಅಂಚಿನ ಕಾಯಿಗೆ ದಾರಿಯಿಲ್ಲ. ನಡುವಿನದನ್ನು ಎಡಕ್ಕಿಟ್ಟರೂ ಸಾವು, ಬಲಕ್ಕಿಟ್ಟರೂ ಸಾವು. ತುಂಬ ಹೊತ್ತು ನೋಡಿ ಎಡಕ್ಕಿಟ್ಟ. ಹೂವಪ್ಪ ಹಾರಿ ಹೊಡೆದ. ಆಮೇಲೆ ಆದಿರಾಜನಿಗೆ ನಡೆಯೇ ಉಳಿಯಲಿಲ್ಲ. ನಡೆಯಿಲ್ಲದವನು ಸೋತ ಹಾಗೆ.

"ಇದು ನಿನ್ನ ಆಟ ಅಲ್ಲ ಬಿಡು," ಎಂದ ಆದಿರಾಜ. "ಯಾರು ಕಲ್ಸಿದ್ದು?"

"ಮನೆಗೆ ಬಾ, ತೋರಿಸ್ತೀನಿ."

ಮರುದಿನ ಮಧ್ಯಾಹ್ನದಿಂದಲೇ ಹೂವಪ್ಪ ಜಗುಲಿಯಲ್ಲಿ ಹಲಗೆ ಹರವಿ ಮುಚ್ಚಳಗಳನ್ನು ಜೋಡಿಸುವುದು, ಕೆಡಿಸುವುದು ಮಾಡುತ್ತಿದ್ದ. ಅಂಗಳದ ಬಾಗಿಲಿನ ದಣಪೆಯ ಗಳು ಸರಿದ ಸದ್ದಾಯಿತು. ಆದಿರಾಜ ಚಪ್ಪಲಿ ಬಿಟ್ಟು ಮೇಲೆ ಬಂದ. ಅವನ ಹಿಂದೆ ಇನ್ನಿಬ್ಬರು.

"ವೆಂಕಮ್ಮ ಎಲ್ಲಿ?" ಎಂದ ಆದಿರಾಜ. "ಇವನ ಹತ್ರ ಅಲ್ಲ, ನಂಗೆ ಅವ್ಳ ಹತ್ರ ಆಡ್ಬೇಕು."

"ಕೂತ್ಕಳಿ, ಬಂದೆ," ಎಂದು ಒಳಗಿಂದ ದನಿ ಬಂತು.

ಹೂವಪ್ಪ ಮಂಚದಲ್ಲಿ ಸರಿದು ಅವರಿಗೆಲ್ಲ ಜಾಗ ಮಾಡಿಕೊಟ್ಟ.