ರಾಯರ ಹೆಸರಿನ ನಲವತ್ತೈದು ಸಾವಿರ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ರೂಪೇಶ ಅದರಲ್ಲಿ ಮೊದಲರ್ಧ ಮಾತ್ರ ಬಲ್ಲವನು. ಉಡುಪಿ ಕಡೆಯಿಂದ ಚೆನ್ನೈಗೆ ಬಂದು, ಪುರಸೈವಾಕ್ಕಂನಲ್ಲಿ ಮಧ್ವರಾಜ ರಾಯರ ಹೋಟೆಲಿನಲ್ಲಿ ಹನ್ನೊಂದು ವರ್ಷ ಸಾಂಬಾರಿನ ಒಲೆ ನೋಡಿಕೊಂಡವನು. ಅವನ ಸಾಂಬಾರು ತಿಂದವರು ಇನ್ನೊಮ್ಮೆ ಬಟ್ಟಲು ಮುಂದೆ ಮಾಡುತ್ತಿದ್ದರು. ಮಾತಿನ ವಿಷಯ ಬಂದರೆ ಮಾತ್ರ ಮನುಷ್ಯ ಸೊನ್ನೆ. ಎಂಟು ವರ್ಷದ ಹಿಂದೆ ಬೇರೆ ಹೋಟೆಲಿನವರು ಕರೆದಾಗ, ಹೋಗುತ್ತೇನೆಂದು ರಾಯರಿಗೆ ಹೇಳಲು ನಾಲಿಗೆ ಏಳದೆ, ನವರಾತ್ರಿಯ ಮುನ್ನಾದಿನ ಬಟ್ಟೆಯ ಚೀಲ ಹಿಡಿದುಕೊಂಡು ಹಿಂಬಾಗಿಲಿನಿಂದ ಹೋಗಿಬಿಟ್ಟಿದ್ದ. ರಾಯರು ಆಮೇಲೆ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಈಗ ಅವನಿಗೆ ನಲವತ್ತೆರಡು ವಯಸ್ಸು, ಸಂಬಳ ಮೂವತ್ತು ಸಾವಿರ, ಮೊಣಕಾಲಿನಲ್ಲಿ ನೋವು. ಬೆಳಗಿನ ಐದಕ್ಕೆ ನಿಂತರೆ ಕೂರುವುದು ರಾತ್ರಿ ಹತ್ತಕ್ಕೆ. ಅಂಥ ಹೊತ್ತಿಗೆ ಅಂಬತ್ತೂರಿನಲ್ಲಿ ಒಂದು ಕೆಲಸವಿದೆಯೆಂದು ಗೊತ್ತಾಯಿತು. ಒಂಬತ್ತು ಶಾಖೆಗಳಿರುವ ಒಂದು ಹೋಟೆಲ್ ಕಂಪನಿ ಅಲ್ಲಿ ದೊಡ್ಡ ಅಡುಗೆಮನೆ ಕಟ್ಟಿ, ಸಾಂಬಾರು ಚಟ್ನಿಗಳನ್ನು ವ್ಯಾನಿನಲ್ಲಿ ಎಲ್ಲ ಕಡೆಗೂ ಕಳಿಸುತ್ತಿತ್ತು. ಅಲ್ಲಿಗೆ ಮುಖ್ಯ ಅಡುಗೆಯವರು ಬೇಕಾಗಿದ್ದರು. ಎಂಟು ಗಂಟೆಯ ಶಿಫ್ಟು, ಪಿ.ಎಫ್., ವಾರಕ್ಕೊಂದು ರಜೆ. ವಾರಕ್ಕೊಂದು ರಜೆ ಎಂಬುದನ್ನು ಅವನ ಹೆಂಡತಿ ನಮಿತಾ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಇಂಟರ್‌ವ್ಯೂಗೆ ಬುದ್ಧಿ ಹೇಳಿಕೊಟ್ಟವನು ಅಕ್ಕನ ಮಗ ಸಂದೇಶ. ಶೋಳಿಂಗನಲ್ಲೂರಿನ ಕಂಪ್ಯೂಟರ್ ಕಂಪನಿಯಲ್ಲಿ ಮೂರು ಸಲ ಕೆಲಸ ಬದಲಿಸಿ ಪಳಗಿದವನು.

"ಮಾಮ, ಬೇರೆ ಆಫರ್ ಉಂಟಾ ಅಂತ ಕೇಳಿಯೇ ಕೇಳ್ತಾರೆ. ಇಲ್ಲ ಅಂದ್ರೆ ಯಾರಿಗೂ ಬೇಡದವ ಅಂತ ಅಂದಾಜು ಮಾಡ್ತಾರೆ. ಉಂಟು ಅನ್ನಿ."

"ಲೆಟರ್ ಕೇಳಿದ್ರೆ ಎಂತ ಮಾಡುದು ಮಾರಾಯ?"

"ನಿಮ್ಮ ಹೋಟೆಲಿನವರು ಲೆಟರ್ ಎಲ್ಲಿ ಕೊಡ್ತಾರೆ? ಬಾಯಿ ಮಾತು ಅನ್ನಿ, ಮುಗೀತು."

ಅಳಿಯ ಹೇಳಿದ್ದು ಸುಳ್ಳೇನಲ್ಲ. ನಮ್ಮ ಹೋಟೆಲುಗಳಲ್ಲಿ ಕಾಗದ ಯಾವಾಗ ಇತ್ತು? ಆದರೆ ಕಾಗದ ಇಲ್ಲದ ಕಡೆ ಫೋನು ಇರುತ್ತದೆ ಎಂಬುದು ಕಂಪ್ಯೂಟರಿನವನಿಗೆ ಹೇಗೆ ತಿಳಿಯಬೇಕು? ತಿಳಿದಿರಬೇಕಾದವನು ರೂಪೇಶ.

ಅಡುಗೆಯ ಪರೀಕ್ಷೆ ಸಲೀಸಾಗಿ ಮುಗಿಯಿತು. ಆಮೇಲೆ ಮಹಡಿಯ ಮೇಲೆ, ಕೆಲಸಕ್ಕೆ ಜನ ಆರಿಸುವ ಸುಮತಿ ಎಂಬಾಕೆ ಅವನನ್ನು ಕೂರಿಸಿ ತಮಿಳಿನಲ್ಲಿ ನಯವಾಗಿ ವಿಚಾರಿಸಿದಳು. ಕೊನೆಯಲ್ಲಿ ಆ ಪ್ರಶ್ನೆ ಬಂತು. "ವೇರೆ ಎಂಗಯಾವದು ಆಫರ್ ಇರುಕ್ಕಾ ಸಾರ್? ಎವ್ಳೊ ತರ್ರಾಂಗ?" ಬೇರೆ ಎಲ್ಲಾದರೂ ಕರೆದಿದ್ದಾರಾ, ಎಷ್ಟು ಕೊಡುತ್ತಾರೆ ಎಂದು.

"ಇದೆ ಮೇಡಂ," ಎಂದ ರೂಪೇಶ. "ನಲವತ್ತೈದು ಸಾವಿರ."

"ಯಾರು?"

ಇದನ್ನು ಅಳಿಯ ಹೇಳಿಕೊಟ್ಟಿರಲಿಲ್ಲ. ಹೆಸರು ಹೇಳುವುದಿಲ್ಲ ಎನ್ನಬಹುದಿತ್ತು. ಹಾಗೆನ್ನಬಹುದು ಎಂಬುದೇ ಅವನಿಗೆ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಹನ್ನೊಂದು ವರ್ಷ ಉಪ್ಪು ತಿಂದ ಮನೆಯ ಹೆಸರು. "ಪುರಸೈವಾಕ್ಕಂ ಮಧ್ವರಾಜ ರಾಯರು."

ಸುಮತಿ ಬರೆದುಕೊಂಡಳು. ಮರುದಿನ ಮಧ್ಯಾಹ್ನ ಮೊಬೈಲಿಗೆ ಆಫರ್ ಬಂತು, ನಲವತ್ತಾರು ಸಾವಿರ. ನಮಿತಾ ಪಾಯಸಕ್ಕೆ ಹಾಲಿಟ್ಟಳು. ಹಾಲು ಉಕ್ಕುವ ಮೊದಲೇ ಇನ್ನೊಂದು ಫೋನು ಬಂತು. ಎಂಟು ವರ್ಷದಿಂದ ಕೇಳದ ದನಿ.

"ರೂಪೇಶನಾ? ಒಮ್ಮೆ ಹೋಟೆಲಿಗೆ ಬಂದು ಹೋಗು."

ಅವನು ಆಗಲೇ ಹೊರಟ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಹೊರಗೆ ನೋಡಲಿಲ್ಲ.

ರಾಯರು ಗಲ್ಲಾಪೆಟ್ಟಿಗೆಯ ಹಿಂದೆ ಸೊರಗಿ ಕುಳಿತಿದ್ದರು. ಹೋಟೆಲೂ ಅರ್ಧವಾಗಿತ್ತು, ಪಕ್ಕದ ಊಟದ ಕೋಣೆ ಈಗ ನೈಟಿ ಅಂಗಡಿ.

"ನಿನ್ನೆ ಆ ಅಂಬತ್ತೂರು ಕಂಪನಿಯ ಮ್ಯಾನೇಜರ್ ಉಪೇಂದ್ರ ಫೋನ್ ಮಾಡಿದ," ಎಂದರು. "ನಮ್ಮ ಕುಂದಾಪುರ ಕಡೆಯವನೇ. 'ರಾಯರೇ, ನೀವು ಕರೆದ ಜನವನ್ನು ನಾವು ಎಳೆದ ಹಾಗೆ ಆಗ್ಬಾರದು, ಅದಕ್ಕೆ ಕೇಳುದು' ಅಂದ. ಹೋಟೆಲಿನವರ ಮರ್ಯಾದೆ ಅದು. ನಿನಗೆ ಗೊತ್ತಿಲ್ವಾ?"

"ಗೊತ್ತುಂಟು," ಎಂದ ರೂಪೇಶ.

"'ಹೌದು, ನಲವತ್ತೈದಕ್ಕೆ ಕರೆದಿದ್ದೆ, ನೀವು ತಗೊಳ್ಳಿ' ಅಂದೆ ಅವನಿಗೆ. ಇಲ್ಲ ಅಂದ್ರೆ ನಿನ್ನ ಅನ್ನ ಹೋಗ್ತಿತ್ತು." ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಅದಕ್ಕೆ ಕರೆದದ್ದಲ್ಲ ನಿನ್ನನ್ನು. ನಾನು ಹಾಗೆ ಹೇಳುವಾಗ ಚಂದು ಇಲ್ಲೇ ನಿಂತಿದ್ದ."

ಚಂದು ರೂಪೇಶನ ಜೊತೆಯವನು. ಆ ನವರಾತ್ರಿಯಲ್ಲಿ ಎರಡು ಒಲೆಗಳನ್ನು ಒಬ್ಬನೇ ನೋಡಿಕೊಂಡವನು. ಅಂದಿನಿಂದ ಇಂದಿನವರೆಗೆ ಬಿಟ್ಟುಹೋಗದವನು. ಅವನ ಸಂಬಳ ಇಪ್ಪತ್ತಾರು ಸಾವಿರ.

"ನಿನ್ನೆಯಿಂದ ನನ್ನ ಹತ್ತಿರ ಮಾತಾಡುದಿಲ್ಲ," ಎಂದರು ರಾಯರು. "ನಾನು ಹೇಳಿದ್ರೆ ಈಗ ನಂಬುದೂ ಇಲ್ಲ."

ರೂಪೇಶ ಅಡುಗೆಮನೆಗೆ ಹೋದ. ಚಂದು ತೊಗರಿಬೇಳೆ ಕಡೆಯುತ್ತಿದ್ದ. ತಲೆಯೆತ್ತಿ ನೋಡಿ ಮತ್ತೆ ಕಡೆಯತೊಡಗಿದ.

"ಚಂದು, ರಾಯರು ನನ್ನನ್ನು ಕರೀಲಿಲ್ಲ. ಕೆಲಸಕ್ಕೋಸ್ಕರ ನಾನೇ ಸುಳ್ಳು ಹೇಳಿದ್ದು. ಅವರು ನನ್ನ ಮಾನ ಉಳಿಸ್ಲಿಕ್ಕೆ ಹೂಂ ಅಂದ್ರು, ಅಷ್ಟೇ."

ಚಂದು ಕಡೆಗೋಲು ನಿಲ್ಲಿಸಿದ.

"ಓಡಿಹೋದವನಿಗೋಸ್ಕರ ರಾಯರು ಸುಳ್ಳು ಹೇಳಿದ್ರು," ಎಂದ. "ಇಲ್ಲೇ ಇದ್ದವನಿಗೆ ಅದರ ಅಗತ್ಯವೇ ಬರ್ಲಿಲ್ಲ ಅಲ್ವಾ?"

ಅದರಲ್ಲಿ ಸಿಟ್ಟಿರಲಿಲ್ಲ. ರೂಪೇಶನಿಗೆ ನಾಚಿಕೆಯಾಯಿತು. ಮುಖಕ್ಕೆ ಬಿಸಿ ಹಬೆ ಹೊಡೆದ ಹಾಗೆ. ಅಲ್ಲೇ ನಿಂತು, ಚಂದುವಿಗೆ ಕೇಳುವಂತೆ ಸುಮತಿಗೆ ಫೋನ್ ಮಾಡಿದ. ಬೇರೆ ಆಫರ್ ಇರಲಿಲ್ಲ ಮೇಡಂ, ನಾನು ಹೇಳಿದ್ದು ಸುಳ್ಳು, ರಾಯರದು ತಪ್ಪಿಲ್ಲ ಎಂದ.

ಸುಮತಿ ತಮಿಳಿನಲ್ಲೇ ಹೇಳಿದಳು: "ಇಲ್ಲ ಅಂದಿದ್ದರೂ ಸರಿ, ಹೇಳಲು ಇಷ್ಟವಿಲ್ಲ, ನನಗೆ ಇಷ್ಟು ಬೇಕು ಅಂದಿದ್ದರೂ ಸರಿ ಸಾರ್. ಈ ಕೆಲಸಕ್ಕೆ ನಾವು ನಲವತ್ತೆರಡು ಮೊದಲೇ ಇಟ್ಟಿದ್ದೆವು. ನಿಮ್ಮ ನಲವತ್ತೈದು ಕೇಳಿ ಮೇಲಿನವರ ಹತ್ತಿರ ಹೋಗಿ ಜಾಸ್ತಿ ಮಾಡಿಸಿದವಳು ನಾನು. ಈಗ ಮತ್ತೆ ಹೋಗಿ ನಿಜ ಹೇಳಬೇಕು. ಕೆಲಸ ಸಿಗುತ್ತದೆ ಅಂತ ಈಗ ಹೇಳಲಾರೆ."

ಐದು ದಿನ ಕಾದ ಮೇಲೆ ಹೊಸ ಆಫರ್ ಬಂತು, ನಲವತ್ತು ಸಾವಿರಕ್ಕೆ. ಅಡುಗೆಯ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಬಂದವನ ಸಾಂಬಾರು ಅಷ್ಟು ಕೆಟ್ಟದಾಗಿತ್ತಂತೆ. ನಮಿತಾ ಪಾಯಸ ಮಾಡಲಿಲ್ಲ, ಅವನು ಕೇಳಲೂ ಇಲ್ಲ.

ಅವನು ಸೇರಿದ ಮೊದಲ ತಿಂಗಳಲ್ಲೇ ಕಂಪನಿಗೆ ಇನ್ನೊಬ್ಬ ಅಡುಗೆಯವನು ಬೇಕಾದ. ರೂಪೇಶ ಪುರಸೈವಾಕ್ಕಂಗೆ ಹೋಗಿ, ಈ ಸಲ ಮುಂಬಾಗಿಲಿನಿಂದ ಒಳಗೆ ನಡೆದು, ಚಂದುವನ್ನು ಕಳಿಸಿಕೊಡುತ್ತೀರಾ ಎಂದು ರಾಯರನ್ನು ಕೇಳಿದ. ಅವನೇ ಹೇಳಲಿ ಎಂದರು ರಾಯರು. ಚಂದು ಕೈಯೊರೆಸಿಕೊಂಡು ಬಂದು ಮೂವತ್ತಾರು ಸಾವಿರ ಎಂಬುದನ್ನು ಪೂರ್ತಿ ಕೇಳಿಸಿಕೊಂಡ.

"ಬೇಡ," ಎಂದ. "ರಾಯರು ಮೂವತ್ತು ಮಾಡಿದ್ದಾರೆ, ಸಾಕು. ನೀನು ಕರೆದಿದ್ದೀಯ ಅಂತ ನಾನು ಯಾರ ಹತ್ತಿರವೂ ಹೇಳುದಿಲ್ಲ, ಹೆದರ್ಬೇಡ."

ಈಗಲೂ ಹೊಸ ಅಡುಗೆಯವರನ್ನು ಆರಿಸುವಾಗ ಸುಮತಿ ರೂಪೇಶನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಉಪ್ಪು, ಹುಳಿ, ಬೇಳೆಯ ಪ್ರಶ್ನೆಗಳು ಅವನವು. ಬೇರೆ ಆಫರ್ ಇದೆಯಾ ಎಂದು ಅವಳು ಕೇಳುವ ಹೊತ್ತಿಗೆ ಸರಿಯಾಗಿ ಅವನಿಗೆ ಕೆಳಗೆ ಒಲೆಯ ಮೇಲಿಟ್ಟದ್ದು ಏನೋ ನೆನಪಾಗುತ್ತದೆ, ಎದ್ದು ಹೋಗುತ್ತಾನೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಸುಮತಿಗೂ ಅದು ಗೊತ್ತು.